ಬಾಟಲಿ ಬದಲಿಸಬೇಡಿ, ಬಾಟಲಿಯ ಬೆನ್ನು ಓದಿ

ತಲೆಹೊಟ್ಟಿನ ಮಾತು ಬಂದಾಗಲೆಲ್ಲ ನಮ್ಮ ಜನ ಕೊಡುವ ಒಂದು ಸಲಹೆ ಕೇಳಿದರೆ ನನಗೆ ಮೈ ಉರಿಯುತ್ತೆ. "ಶಾಂಪೂ ಚೇಂಜ್ ಮಾಡಿ ನೋಡು." ಕ್ಷೌರದಂಗಡಿಯವನು ಹೇಳ್ತಾನೆ, ಆಫೀಸಿನವರು ಹೇಳ್ತಾರೆ, ಊರಿಂದ ಬಂದ ಅತ್ತೆಯೂ ಹೇಳ್ತಾರೆ. ಇನ್ನು ಕೆಲವರದ್ದು ಇದಕ್ಕಿಂತ ದೊಡ್ಡ ಸಿದ್ಧಾಂತ: "ಒಂದೇ ಶಾಂಪೂ ಹಾಕ್ತಾ ಇದ್ರೆ ತಲೆಗೆ ಅಭ್ಯಾಸ ಆಗಿಬಿಡುತ್ತೆ, ಅದಕ್ಕೇ ಎರಡು ತಿಂಗಳಿಗೊಮ್ಮೆ ಬದಲಾಯಿಸ್ತಾ ಇರಬೇಕು."

ಸರಿ ಸ್ವಾಮಿ, ಬದಲಾಯಿಸೋಣ. ಆದರೆ ಏನನ್ನು? ನೀಲಿ ಬಾಟಲಿ ಬಿಟ್ಟು ಬಿಳಿ ಬಾಟಲಿ ತಂದರೆ ಬದಲಾದದ್ದು ಏನು? ಬಣ್ಣ, ಪರಿಮಳ, ಜಾಹೀರಾತಿನ ಹೀರೋ. ಒಳಗಿರುವ ಮದ್ದು ಎಷ್ಟೋ ಸಲ ಅದೇ. ಹಸುವಿನ ಕೊಂಬಿಗೆ ಬೇರೆ ಬಣ್ಣ ಬಳಿದ ಮಾತ್ರಕ್ಕೆ ಹಾಲು ಬೇರೆ ಆಗುತ್ತಾ?

ನನ್ನ ವಾದ ಇಷ್ಟೇ. ತಲೆಹೊಟ್ಟಿನ ಶಾಂಪೂವನ್ನು ಬ್ರಾಂಡ್ ನೋಡಿ ಬದಲಿಸುವುದು ದುಡ್ಡು ದಂಡ. ಬದಲಿಸುವುದಾದರೆ ಒಳಗಿನ ಔಷಧಿಯನ್ನು ಬದಲಿಸಿ. ಅದಕ್ಕೂ ಮೊದಲು ಕೈಯಲ್ಲಿರುವ ಔಷಧಿಗೆ ಕೆಲಸ ಮಾಡಲು ಸಮಯ ಕೊಟ್ಟಿದ್ದೀರಾ ಅಂತ ನೋಡಿಕೊಳ್ಳಿ.

ಮೊದಲು ಶತ್ರು ಯಾರು ಅಂತ ತಿಳ್ಕೊಳ್ಳೋಣ. ನಮ್ಮೆಲ್ಲರ ತಲೆಯ ಚರ್ಮದ ಮೇಲೆ ಮ್ಯಾಲಸೀಜಿಯಾ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರ ವಾಸ ಮಾಡುತ್ತೆ. ಹೊಟ್ಟು ಇರುವವರ ತಲೆಯಲ್ಲೂ ಇರುತ್ತೆ, ಇಲ್ಲದವರ ತಲೆಯಲ್ಲೂ ಇರುತ್ತೆ. ಚರ್ಮದಿಂದ ಒಸರುವ ಜಿಡ್ಡೇ ಅದರ ಊಟ. ಆ ಜಿಡ್ಡನ್ನು ಒಡೆದು ತನಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಿಂದು, ಓಲಿಯಿಕ್ ಆಮ್ಲದಂಥ ಬೇಡವಾದವುಗಳನ್ನು ಅಲ್ಲೇ ಬಿಟ್ಟು ಹೋಗುತ್ತೆ. ಕೆಲವರ ಚರ್ಮಕ್ಕೆ ಈ ಎಂಜಲು ಆಗಿಬರುವುದಿಲ್ಲ. ಚರ್ಮ ಕೆರಳಿ, ಹೊಸ ಜೀವಕೋಶಗಳನ್ನು ಅವಸರ ಅವಸರವಾಗಿ ಮೇಲಕ್ಕೆ ತಳ್ಳುತ್ತೆ. ಅವು ಸರಿಯಾಗಿ ಬಲಿಯದೆ ಗುಂಪು ಗುಂಪಾಗಿ ಉದುರುತ್ತವೆ. ಅದೇ ನಿಮ್ಮ ಕಪ್ಪು ಅಂಗಿಯ ಮೇಲಿನ ಬಿಳಿ ಪುಡಿ.

ಒಂದೇ ಫ್ಲಾಟಿನಲ್ಲಿ, ಒಂದೇ ಬೋರ್‌ವೆಲ್ ನೀರಿನಲ್ಲಿ ತಲೆ ತೊಳೆಯುವ ಇಬ್ಬರಲ್ಲಿ ಒಬ್ಬನಿಗೆ ಹೊಟ್ಟು ಬಂದು ಇನ್ನೊಬ್ಬನಿಗೆ ಬರದಿರುವುದು ಇದಕ್ಕೇ. ಬೆಂಗಳೂರಿಗೆ ಬಂದವರೆಲ್ಲ ಮೊದಲು ಬೈಯುವುದು ಇಲ್ಲಿನ ನೀರನ್ನು. ಗಡಸು ನೀರಿಗೆ ಕೂದಲು ಒರಟಾಗಬಹುದು, ನೊರೆ ಕಡಿಮೆ ಬರಬಹುದು. ಆದರೆ ಯೀಸ್ಟ್ ನಲ್ಲಿಯಿಂದ ಬರುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಇದರಿಂದ ಇನ್ನೊಂದು ಮಾತೂ ಹೊರಡುತ್ತೆ. ಆ ಯೀಸ್ಟನ್ನು ಶಾಶ್ವತವಾಗಿ ಓಡಿಸಲು ಸಾಧ್ಯವಿಲ್ಲ. ಅದು ಬಾಡಿಗೆದಾರನಲ್ಲ, ಖಾಯಂ ನಿವಾಸಿ. ಅದರ ಸಂಖ್ಯೆ ಕಡಿಮೆ ಮಾಡಬಹುದು, ಕಡಿಮೆಯಲ್ಲೇ ಇಡಬಹುದು, ಅಷ್ಟೆ. "ಹೊಟ್ಟು ಬುಡದಿಂದ ಮಾಯ" ಅನ್ನುವ ಜಾಹೀರಾತನ್ನು ಅಲ್ಲೇ ಮಡಿಸಿ ಇಟ್ಟುಬಿಡಿ.

ಈಗ ನನ್ನ ರೂಮ್‌ಮೇಟ್ ಕಥೆ. ಹೆಸರು ಬೇಡ, ಗುಂಡ ಅಂತ ಇಟ್ಕೊಳ್ಳಿ. ಮದುವೆಗೆ ಹುಡುಗಿ ನೋಡುತ್ತಿದ್ದ ಕಾಲ. ಕಪ್ಪು, ನೇವಿ ಬ್ಲೂ ಅಂಗಿಗಳನ್ನೆಲ್ಲ ಕಪಾಟಿನ ಹಿಂದಕ್ಕೆ ತಳ್ಳಿ, ಬಿಳಿ ಮತ್ತು ತಿಳಿ ಬೂದು ಅಂಗಿಗಳಲ್ಲೇ ತಿರುಗುತ್ತಿದ್ದ. ಮೀಟಿಂಗಿನಲ್ಲಿ ತಲೆ ಕೆರೆಯಬೇಕು ಅನ್ನಿಸಿದರೆ ಎದ್ದು ಹೊರಗೆ ಹೋಗುತ್ತಿದ್ದ. ಮೂರು ತಿಂಗಳಲ್ಲಿ ನಾಲ್ಕು ಬಾಟಲಿ ಆಗಿತ್ತು. ಒಂದು ಭಾನುವಾರ "ಮಗಾ, ಯಾವ ಶಾಂಪೂನೂ ನನ್ನ ತಲೆಗೆ ಹಿಡಿಯಲ್ಲ ಕಣೋ, ಇನ್ನು ಬೋಳಿಸೋದೊಂದೇ ಬಾಕಿ" ಅಂದ.

ನಾಲ್ಕೂ ಬಾಟಲಿ ಬಚ್ಚಲುಮನೆಯಲ್ಲೇ ಇದ್ದವು. ತಂದು ಸಾಲಾಗಿ ನಿಲ್ಲಿಸಿ, ಹಿಂದಿನ ಇರುವೆ ಗಾತ್ರದ ಅಕ್ಷರ ಓದಿದೆವು. ಮೊದಲನೆಯದು ಜಿಂಕ್ ಪೈರಿಥಿಯೋನ್. ಎರಡನೆಯದು ಜಿಂಕ್ ಪೈರಿಥಿಯೋನ್, ಜೊತೆಗೆ ತಣ್ಣಗೆ ಅನ್ನಿಸಲು ಮೆಂಥಾಲ್. ಮೂರನೆಯದು ಮತ್ತೆ ಜಿಂಕ್ ಪೈರಿಥಿಯೋನ್, ಜೊತೆಗೆ ನಿಂಬೆಹಣ್ಣಿನ ಚಿತ್ರ. ನಾಲ್ಕನೆಯದರಲ್ಲಿ ಬೇವು, ತುಳಸಿ, ಭೃಂಗರಾಜ ಎಲ್ಲ ಇದ್ದವು, ಯೀಸ್ಟಿಗೆ ಅಂತ ಹೆಸರು ಹೇಳಬಹುದಾದ ಔಷಧಿ ಮಾತ್ರ ಇರಲಿಲ್ಲ. ಅಂದರೆ ಗುಂಡ ನಾಲ್ಕು ಶಾಂಪೂ ಪ್ರಯತ್ನಿಸಿರಲಿಲ್ಲ. ಒಂದೇ ಔಷಧಿಯನ್ನು ಮೂರು ಸಲ ಕೊಂಡಿದ್ದ.

"ಹೇಗೆ ಹಾಕ್ತೀಯ?" ಅಂತ ಕೇಳಿದೆ. "ಹೇಗೆ ಅಂದ್ರೆ? ಎಲ್ಲರ ಥರಾನೇ. ಹಾಕೋದು, ನೊರೆ ಬಂದ ತಕ್ಷಣ ತೊಳೆಯೋದು." ಆಫೀಸ್ ಕ್ಯಾಬ್ ಕೆಳಗೆ ಹಾರ್ನ್ ಹೊಡೆಯುತ್ತಿರುವಾಗ ಅದು 20 ಸೆಕೆಂಡ್ ಅಂತ ಲೆಕ್ಕ ಹಾಕೋಣ. ವಾರಕ್ಕೆ 2 ಸಲ, ಒಂದು ಬಾಟಲಿಗೆ 3 ವಾರ. 20 ಸೆಕೆಂಡ್, 2 ಸಲ, 3 ವಾರ, ಗುಣಿಸಿದರೆ 120 ಸೆಕೆಂಡ್. ಒಂದು ಬಾಟಲಿಯ ಔಷಧಿ ಅವನ ತಲೆಯ ಮೇಲೆ ನೊರೆಯಾಗಿ ನಿಂತದ್ದು ಒಟ್ಟು 2 ನಿಮಿಷ! ಮೂರು ಬಾಟಲಿಗೆ 6 ನಿಮಿಷ. ಅದರಲ್ಲೂ ಅರ್ಧ ಶಾಂಪೂ ಕೂದಲಿಗೆ ಹೋಗಿದೆ, ಚರ್ಮಕ್ಕಲ್ಲ. ಹೊಟ್ಟು ಹುಟ್ಟುವುದು ಚರ್ಮದಲ್ಲಿ ಕಣ್ರೀ, ಕೂದಲಲ್ಲಲ್ಲ.

ಹಾಗಾಗಿ ಮೊದಲ ಹೆಜ್ಜೆಗೆ ಹೊಸ ಬಾಟಲಿಯನ್ನು ತರಲೇ ಇಲ್ಲ. ಅರ್ಧ ಉಳಿದಿದ್ದ ಜಿಂಕ್ ಪೈರಿಥಿಯೋನ್ ಬಾಟಲಿಯನ್ನೇ ಮುಂದುವರಿಸಿದ. ವಾರಕ್ಕೆ 3 ಸಲ. ತಲೆಗೆ ಎಣ್ಣೆ ಇದ್ದರೆ ಮೊದಲು ಸಾದಾ ಶಾಂಪೂವಿನಿಂದ ಜಿಡ್ಡು ತೆಗೆಯುವುದು. ನಂತರ ಮದ್ದಿನ ಶಾಂಪೂವನ್ನು ಬೆರಳ ತುದಿಯಿಂದ, ಉಗುರು ತಾಗಿಸದೆ, ಚರ್ಮಕ್ಕೆ ಸಿಗುವಂತೆ ಹಚ್ಚುವುದು. ಕಿವಿಯ ಹಿಂದೆ, ನೆತ್ತಿ, ಹಣೆಯ ಅಂಚು ಯಾವುದೂ ಬಿಡಬಾರದು. ಗಡಿಯಾರ ನೋಡಿ 5 ನಿಮಿಷ ಬಿಟ್ಟು ತೊಳೆಯುವುದು. ಪ್ರತಿ ಭಾನುವಾರ ಕಪ್ಪು ಟೀ ಶರ್ಟ್ ಹಾಕಿ, ಅದೇ ಬೆಳಕಿನಲ್ಲಿ ತಲೆ ಕೊಡವಿ ನೋಡುವುದು. ಎಷ್ಟು ಕೆರೆಯಿತು ಅಂತ 10ಕ್ಕೆ ಅಂಕ ಕೊಟ್ಟು ಬರೆದಿಡುವುದು. ನಗಬೇಡಿ, ಬರೆದಿಡದಿದ್ದರೆ ಕಳೆದ ವಾರಕ್ಕಿಂತ ಕಡಿಮೆಯಾಯಿತೋ ಇಲ್ಲವೋ ಅಂತ ಯಾರಿಗೂ ನೆನಪಿರುವುದಿಲ್ಲ.

ಈ ಜಿಂಕ್ ಪೈರಿಥಿಯೋನನ್ನು ಅಗ್ಗದ ಮಾಲು ಅಂತ ಉಡಾಫೆ ಮಾಡುವವರಿದ್ದಾರೆ. ತಪ್ಪು. ಅದು ನೀರಿನಲ್ಲಿ ಕರಗದ ಸಣ್ಣ ಕಣಗಳಾಗಿ ಇರುತ್ತೆ, ತೊಳೆದ ಮೇಲೂ ಒಂದಷ್ಟು ಚರ್ಮದ ಮೇಲೆ ಉಳಿಯುತ್ತೆ. ಯೀಸ್ಟಿನ ಕೋಶದೊಳಕ್ಕೆ ತಾಮ್ರ ಹೆಚ್ಚಾಗಿ ನುಗ್ಗುವಂತೆ ಮಾಡಿ ಅದರ ಯಂತ್ರ ಕೆಡಿಸುತ್ತೆ. 2002ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಹೊಟ್ಟು ಜೋರಾಗಿದ್ದ 331 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 2% ಕೆಟೊಕೊನಜೋಲ್, ಇನ್ನೊಂದಕ್ಕೆ 1% ಜಿಂಕ್ ಪೈರಿಥಿಯೋನ್ ಕೊಟ್ಟರು. ನಾಲ್ಕು ವಾರದ ನಂತರ ಹೊಟ್ಟಿನ ಅಂಕ ಮೊದಲನೆಯ ಗುಂಪಿನಲ್ಲಿ 73%, ಎರಡನೆಯದರಲ್ಲಿ 67% ಇಳಿದಿತ್ತು. ಕೆಟೊಕೊನಜೋಲ್ ಗೆದ್ದಿತು, ನಿಲ್ಲಿಸಿದ ಮೇಲೆ ಹೊಟ್ಟು ಮರಳುವುದೂ ಅದರಲ್ಲಿ ಕಡಿಮೆ. ಆದರೆ ಅಂತರ ನೋಡಿ. ಸರಿಯಾಗಿ ಹಚ್ಚಿದ ಸಾದಾ ಮದ್ದು, ತಪ್ಪಾಗಿ ಹಚ್ಚಿದ ದುಬಾರಿ ಮದ್ದಿಗಿಂತ ಯಾವತ್ತೂ ಮೇಲು.

ಇದರ ಬಗ್ಗೆ ಒಂದು ವಾಟ್ಸಪ್ ಗಾಬರಿಯೂ ಇದೆ: "ಯುರೋಪಿನಲ್ಲಿ ನಿಷೇಧಿಸಿದ ವಿಷವನ್ನು ನಮ್ಮ ತಲೆಗೆ ಹಚ್ಚುತ್ತಿದ್ದಾರೆ." ನಿಷೇಧ ಆಗಿದ್ದು ನಿಜ. 2022ರ ಮಾರ್ಚ್ 1ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಸೌಂದರ್ಯವರ್ಧಕಗಳಲ್ಲಿ ಇದನ್ನು ಬಳಸುವಂತಿಲ್ಲ. ಆದರೆ ಕಾರಣ ಪೂರ್ತಿ ಓದಿ. ಸಂತಾನಶಕ್ತಿಗೆ, ಗರ್ಭಕ್ಕೆ ಹಾನಿ ಮಾಡಬಹುದಾದ ವಸ್ತುಗಳ ಪಟ್ಟಿಗೆ ಇದು ಸೇರಿತು. ಅಲ್ಲಿನ ಕಾನೂನಿನ ಪ್ರಕಾರ ಆ ಪಟ್ಟಿಗೆ ಸೇರಿದ್ದಕ್ಕೆ ವಿನಾಯಿತಿ ಬೇಕಾದರೆ ಬದಲಿ ವಸ್ತುವೇ ಇಲ್ಲ ಅಂತ ತೋರಿಸಬೇಕು. ಬದಲಿ ಇತ್ತು, ವಿನಾಯಿತಿ ಸಿಗಲಿಲ್ಲ. ತೊಳೆದುಹಾಕುವ ಶಾಂಪೂವಿನಲ್ಲಿ 1%ವರೆಗೆ ಬಳಸಿದರೆ ಸುರಕ್ಷಿತ ಅಂತ ಅದೇ ಒಕ್ಕೂಟದ ವಿಜ್ಞಾನ ಸಮಿತಿ 2020ರಲ್ಲಿ ಹೇಳಿತ್ತು. ಬೇಡ ಅನ್ನಿಸಿದವರು ಆ ಬದಲಿಯನ್ನು, ಅಂದರೆ ಪಿರೊಕ್ಟೋನ್ ಓಲಮೈನ್ ಇರುವ ಶಾಂಪೂವನ್ನು ಬಳಸಲಿ. ಅದು ನಿಜಕ್ಕೂ ಬೇರೆ ಔಷಧಿ, ಬರೀ ಬೇರೆ ಬಾಟಲಿಯಲ್ಲ.

ಗುಂಡನ ವಿಷಯಕ್ಕೆ ಬರೋಣ. ನಾಲ್ಕು ವಾರ ಮುಗಿದಾಗ ಕೆರೆತ 8ರಿಂದ 5ಕ್ಕೆ ಇಳಿದಿತ್ತು. ಆದರೆ ಕಪ್ಪು ಟೀ ಶರ್ಟ್ ಮಾತ್ರ ಇನ್ನೂ ಬಿಳಿ. ಕೊನೆಯ ಎರಡು ವಾರ ಅಂಕ ಅಲುಗಾಡಲೇ ಇಲ್ಲ. ಈಗ, ಈ ಹಂತದಲ್ಲಿ, ಬದಲಾಯಿಸುವುದಕ್ಕೆ ಅರ್ಥವಿದೆ. ಇನ್ನೊಂದು ಕಂಪನಿಗಲ್ಲ, ಇನ್ನೊಂದು ಔಷಧಿಗೆ.

ಮುಂದಿನದು ಕೆಟೊಕೊನಜೋಲ್ 2%. ಇದನ್ನು ಸೂಪರ್ ಮಾರ್ಕೆಟ್ಟಿನ ಪರಿಮಳದ ಸಾಲಿನಲ್ಲಿ ಹುಡುಕಬೇಡಿ, ಮೆಡಿಕಲ್ ಶಾಪಿನಲ್ಲಿ ಕೇಳಿ. ಯೀಸ್ಟಿನ ಕೋಶದ ಗೋಡೆಯೊಳಗಿನ ಪೊರೆಗೆ ಎರ್ಗೋಸ್ಟೆರಾಲ್ ಎಂಬ ಪದಾರ್ಥ ಬೇಕು. ಅದು ತಯಾರಾಗುವುದನ್ನೇ ಈ ಔಷಧಿ ತಡೆಯುತ್ತೆ. ಜಿಂಕ್ ಪೈರಿಥಿಯೋನ್ ಹೊಡೆಯುವ ಜಾಗ ಬೇರೆ, ಇದು ಹೊಡೆಯುವ ಜಾಗ ಬೇರೆ. ಅದಕ್ಕೇ ಇದು ನಿಜವಾದ ಬದಲಾವಣೆ. ಕೆಟೊಕೊನಜೋಲ್ ಬಿಟ್ಟು ಕ್ಲೈಂಬಜೋಲ್ ಇರುವ ಶಾಂಪೂ ಹಿಡಿದರೆ ಅದು ಅಷ್ಟು ದೊಡ್ಡ ಬದಲಾವಣೆಯಲ್ಲ. ಎರಡೂ ಒಂದೇ ಕುಟುಂಬದವು, ಹೊಡೆಯುವುದೂ ಒಂದೇ ಜಾಗಕ್ಕೆ.

ಬಳಸುವ ಕ್ರಮ ಸರಳ. ವಾರಕ್ಕೆ 2 ಸಲ, ಪ್ರತಿ ಸಲ 3ರಿಂದ 5 ನಿಮಿಷ, 2ರಿಂದ 4 ವಾರ. ನಡುವಿನ ದಿನಗಳಲ್ಲಿ ಬೇಕಾದರೆ ಸಾದಾ ಶಾಂಪೂ. ದಿನಾ ಹಾಕಿದರೆ ಬೇಗ ಗುಣವಾಗುತ್ತೆ ಅನ್ನುವ ಅವಸರ ಬೇಡ, ಚರ್ಮ ಒಣಗಿ ಉರಿ ಶುರುವಾದೀತು. "ಕೆಟೊಕೊನಜೋಲ್ ಲಿವರ್ ಹಾಳು ಮಾಡುತ್ತಂತೆ" ಅಂತ ಗುಂಡ ಇಂಟರ್ನೆಟ್ಟಿನಿಂದ ಹೆದರಿ ಬಂದಿದ್ದ. ಆ ಎಚ್ಚರಿಕೆ ನುಂಗುವ ಮಾತ್ರೆಗೆ ಸಂಬಂಧಿಸಿದ್ದು. 2013ರಲ್ಲಿ ಅಮೆರಿಕ, ಯುರೋಪು ಎರಡೂ ಕಡೆ ಮಾತ್ರೆಯ ಮೇಲೆ ಕಡಿವಾಣ ಬಿದ್ದದ್ದು ಅದಕ್ಕೇ. ತಲೆಗೆ ಹಚ್ಚಿ ತೊಳೆಯುವ ಶಾಂಪೂವಿನಿಂದ ರಕ್ತಕ್ಕೆ ಸೇರುವುದು ಇಲ್ಲವೆನ್ನುವಷ್ಟು ಕಡಿಮೆ.

ಮೆಡಿಕಲ್ ಶಾಪಿನವರು ಕೆಟೊಕೊನಜೋಲ್ ಮತ್ತು ಜಿಂಕ್ ಪೈರಿಥಿಯೋನ್ ಎರಡೂ ಬೆರೆಸಿದ ಬಾಟಲಿ ಕೊಡುವುದುಂಟು. ಅದು ಕೆಟ್ಟದ್ದಲ್ಲ. ಆದರೆ ಒಂದೇ ಸಲಕ್ಕೆ ಎರಡು ಬದಲಾವಣೆ ಮಾಡಿ ಬಗ್ ಹುಡುಕಲು ಕೂತರೆ ಏನಾಗುತ್ತೆ ಅಂತ ನಮ್ಮ ಕಸುಬಿನವರಿಗೆ ಗೊತ್ತು. ಗುಣವಾದರೆ ಯಾವುದರಿಂದ ಅಂತ ತಿಳಿಯುವುದಿಲ್ಲ, ಉರಿ ಬಂದರೆ ಯಾವುದರಿಂದ ಅಂತಲೂ ತಿಳಿಯುವುದಿಲ್ಲ. ಒಂದೊಂದಾಗಿ ನೋಡುವುದೇ ಒಳ್ಳೆಯದು.

ಮೂರನೆಯದು ಸೆಲೆನಿಯಂ ಸಲ್ಫೈಡ್. ಅಮೆರಿಕದಲ್ಲಿ ಚೀಟಿ ಇಲ್ಲದೆ ಸಿಗುವುದು 1%, ಡಾಕ್ಟರ್ ಬರೆಯುವುದು 2.5%. ಇದು ಯೀಸ್ಟನ್ನು ತಗ್ಗಿಸುವುದರ ಜೊತೆಗೆ, ಚರ್ಮದ ಕೋಶಗಳು ಅವಸರವಾಗಿ ಹುಟ್ಟಿ ಉದುರುವುದನ್ನೂ ನಿಧಾನ ಮಾಡುತ್ತೆ. ಹೊಟ್ಟು ದಪ್ಪ, ಜಿಡ್ಡು ಜಿಡ್ಡಾಗಿದ್ದು, ಮೊದಲ ಎರಡು ಔಷಧಿಗೆ ಬಗ್ಗದಿದ್ದರೆ ಇದಕ್ಕೊಂದು ಅವಕಾಶ ಕೊಡಬಹುದು. ಶಕ್ತಿಯಲ್ಲಿ ಇದು ಕೆಟೊಕೊನಜೋಲಿಗೆ ಸಮೀಪವೇ. 1993ರಲ್ಲಿ 246 ಜನರ ಮೇಲೆ ಎರಡನ್ನೂ ಹೋಲಿಸಿದಾಗ ಎರಡೂ ಚೆನ್ನಾಗಿ ಕೆಲಸ ಮಾಡಿದವು. ಆದರೆ ವರದಿಯಾದ ತೊಂದರೆಗಳೆಲ್ಲ ಸೆಲೆನಿಯಂ ಸಲ್ಫೈಡ್ ಹಚ್ಚಿದವರಲ್ಲೇ.

ಅದಕ್ಕೇ ಇದನ್ನು ನಾನು ಮೂರನೆಯ ಸಾಲಿನಲ್ಲಿ ಕೂರಿಸುವುದು. ಗಂಧಕದ ಸಂಬಂಧಿ, ವಾಸನೆ ಸಹಿಸಿಕೊಳ್ಳಬೇಕು. ನರೆತ ಕೂದಲು, ಬಣ್ಣ ಹಾಕಿದ ಕೂದಲಿನ ಬಣ್ಣ ಕೆಡಿಸಬಹುದು. ಬೆಳ್ಳಿ ಸರ, ಉಂಗುರ ತೆಗೆದಿಟ್ಟು ಹಚ್ಚಿ, ಇಲ್ಲದಿದ್ದರೆ ಕಪ್ಪಾಗುತ್ತೆ. ಗಾಯ, ಬಿರುಕು ಇರುವ ಚರ್ಮಕ್ಕೆ ಹಚ್ಚಲೇಬಾರದು. 2-3 ನಿಮಿಷ ಬಿಟ್ಟು, ತುಂಬಾ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ವಾರಕ್ಕೆ 2 ಸಲದಂತೆ ಎರಡು ವಾರ ನೋಡಿ, ಆಮೇಲೆ ಕಡಿಮೆ ಮಾಡಬೇಕು. ಗರ್ಭಿಣಿಯರು, ಹಾಲುಣಿಸುವವರು ಡಾಕ್ಟರನ್ನು ಕೇಳದೆ ಇಂಥ ಮದ್ದಿನ ಶಾಂಪೂಗಳಿಗೆ ಕೈ ಹಾಕುವುದು ಬೇಡ.

ಗುಂಡನಿಗೆ ಮೂರನೆಯದರ ಅಗತ್ಯ ಬೀಳಲಿಲ್ಲ. ಕೆಟೊಕೊನಜೋಲ್ ಶುರು ಮಾಡಿದ ಎರಡನೇ ವಾರಕ್ಕೆ ಕೆರೆತ 2, ನಾಲ್ಕನೇ ವಾರಕ್ಕೆ ಟೀ ಶರ್ಟ್ ಕಪ್ಪಗೇ ಉಳಿಯಿತು. ಪುಣ್ಯಾತ್ಮ ಅಲ್ಲಿಗೇ ಬಾಟಲಿ ಮುಚ್ಚಿ ಮೂಲೆಗೆ ಇಟ್ಟ. ಸುಮಾರು ಒಂದೂವರೆ ತಿಂಗಳಿಗೆ ಹೊಟ್ಟು ಮತ್ತೆ ಹಾಜರ್. "ನೋಡಿದ್ಯಾ, ಇದೂ ತಲೆಗೆ ಅಭ್ಯಾಸ ಆಗೋಯ್ತು!" ಅಂದ.

ನಾನು ಜಗಳಕ್ಕೆ ನಿಲ್ಲುವುದು ಇಲ್ಲೇ. ಹಾಕದೇ ಇರುವ ಔಷಧಿಗೆ ತಲೆ ಹೇಗೆ ಅಭ್ಯಾಸ ಆಗುತ್ತೆ ಮಾರಾಯ? ಔಷಧಿ ಸೋತದ್ದಲ್ಲ, ಔಷಧಿ ನಿಂತದ್ದು. ಖಾಯಂ ನಿವಾಸಿ ಅಂದೆನಲ್ಲ, ಅದು ಮತ್ತೆ ಸಂಸಾರ ಬೆಳೆಸಿತು. "ಅಭ್ಯಾಸ ಆಯ್ತು" ಅನ್ನುವವರ ಕಥೆ ಕೇಳುತ್ತಾ ಹೋದರೆ ಬಹುಪಾಲು ಹೀಗೇ ಇರುತ್ತೆ: ಗುಣವಾಯಿತು, ಬಿಟ್ಟರು, ಬಂತು, ಬಾಟಲಿಯನ್ನು ಬೈದರು. ಕಡಿಮೆಯಾದ ಮೇಲೆ ಔಷಧಿಯನ್ನು ಬದಲಿಸಬೇಕಿಲ್ಲ, ಸಂಖ್ಯೆಯನ್ನು ಇಳಿಸಬೇಕು. ಕೆಟೊಕೊನಜೋಲ್ ಆದರೆ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಸಾಕು. ಗುಂಡ ಈಗ ಪ್ರತಿ ಎರಡನೇ ಭಾನುವಾರ ಹಚ್ಚುತ್ತಾನೆ. ಒಂದು ಬಾಟಲಿ ತಿಂಗಳುಗಟ್ಟಲೆ ಬರುತ್ತೆ. ಮೂರು ತಿಂಗಳಿಗೆ ನಾಲ್ಕು ಬಾಟಲಿ ಕೊಳ್ಳುವುದಕ್ಕಿಂತ ಅಗ್ಗ ಅಲ್ವಾ?

ಎಣ್ಣೆಯವರಿಗೂ ಒಂದು ಮಾತು, ಇಲ್ಲದಿದ್ದರೆ ಅಮ್ಮಂದಿರ ಕೈಲಿ ಬೈಸಿಕೊಳ್ಳಬೇಕಾಗುತ್ತೆ. ಕೊಬ್ಬರಿ ಎಣ್ಣೆ ಹಚ್ಚಿದ ದಿನ ಹೊಟ್ಟು ಕಾಣಿಸುವುದಿಲ್ಲ, ಏಕೆಂದರೆ ಉದುರಬೇಕಾದದ್ದು ಅಂಟಿಕೊಂಡಿರುತ್ತೆ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಹಬ್ಬದ ಎಣ್ಣೆ ಸ್ನಾನ ಧಾರಾಳವಾಗಿ ಮಾಡಿ, ಅದನ್ನು ಹೊಟ್ಟಿನ ಚಿಕಿತ್ಸೆ ಅಂತ ಮಾತ್ರ ಕರೆಯಬೇಡಿ.

ಹಾಗಾದರೆ ಯಾವಾಗ ಬದಲಿಸಬೇಕು? ಹಚ್ಚಿದಾಗ ಉರಿ, ಕೆಂಪು, ಊತ ಬಂದರೆ ಅವತ್ತೇ ನಿಲ್ಲಿಸಿ. ಹಾಗೇನೂ ಇಲ್ಲದಿದ್ದರೆ, ಸರಿಯಾಗಿ ಹಚ್ಚಿ ನಾಲ್ಕು ವಾರ ಕಾಯಿರಿ. ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಮುಂದುವರಿಸಿ. ಇಳಿಯದಿದ್ದರೆ ಅಥವಾ ಅರ್ಧಕ್ಕೇ ನಿಂತರೆ ಔಷಧಿ ಬದಲಿಸಿ. ಎರಡು ಬೇರೆ ಬೇರೆ ಔಷಧಿಗಳು ತಲಾ ನಾಲ್ಕು ವಾರ ಸರಿಯಾಗಿ ಹಚ್ಚಿದ ಮೇಲೂ ಸೋತರೆ ಮೂರನೆಯ ಬಾಟಲಿಗಿಂತ ಚರ್ಮದ ಡಾಕ್ಟರ್ ಹತ್ತಿರ ಹೋಗುವುದು ಮೇಲು. ಸೆಲೆನಿಯಂ ಸಲ್ಫೈಡನ್ನೂ ಅವರೇ ನೋಡಿ ಬರೆದರೆ ಒಳ್ಳೆಯದು.

ಕೆಲವರು ಶಾಂಪೂ ಸುದ್ದಿಗೇ ಹೋಗದೆ ನೇರವಾಗಿ ಡಾಕ್ಟರ್ ಹತ್ತಿರ ಹೋಗಬೇಕು. ಅಂಚು ಗೆರೆ ಎಳೆದಂತಿರುವ, ಬೆಳ್ಳಿ ಬಣ್ಣದ ದಪ್ಪ ಪದರ ಹಣೆಯ ಕೂದಲಿನ ಅಂಚು ದಾಟಿ ಬಂದಿದ್ದರೆ, ಮೊಣಕೈ ಮೊಣಕಾಲಿನ ಮೇಲೂ ಅಂಥದ್ದೇ ಇದ್ದರೆ, ಅದು ಸೋರಿಯಾಸಿಸ್ ಇರಬಹುದು. ಮಗುವಿನ ತಲೆಯಲ್ಲಿ ಪುಡಿಯ ಜೊತೆಗೆ ಕೂದಲು ತುಂಡಾಗಿ ಗುಂಡಗೆ ಬೋಳಾಗಿದ್ದರೆ ಅದು ತಲೆಯ ಹುಳುಕಡ್ಡಿ ಇರಬಹುದು. ಅದಕ್ಕೆ ನುಂಗುವ ಔಷಧಿಯೇ ಬೇಕು, ಶಾಂಪೂ ಒಂದರಿಂದಲೇ ಹೋಗುವುದಿಲ್ಲ. ಕೀವು, ನೋವು ಇದ್ದರೂ ಅಷ್ಟೆ. ಇಂಥವರಿಗೂ "ಶಾಂಪೂ ಚೇಂಜ್ ಮಾಡು" ಅಂತ ಹೇಳಿ ಕಳಿಸುತ್ತಾರಲ್ಲ, ಅವರ ಮೇಲೆ ನನಗಿರುವ ಸಿಟ್ಟು ಬರೀ ದುಡ್ಡಿನದ್ದಲ್ಲ. ಆ ಮಾತು ಅವರ ತಿಂಗಳುಗಳನ್ನು ತಿನ್ನುತ್ತೆ.

ಮುಂದಿನ ಸಲ ಅಂಗಡಿಯಲ್ಲಿ ಬಾಟಲಿ ಕೈಗೆತ್ತಿಕೊಂಡಾಗ ಮುಂದಿರುವ ಹೀರೋಗೆ ಬೆನ್ನು ತಿರುಗಿಸಿ, ಬಾಟಲಿಯ ಬೆನ್ನು ಓದಿ. ಅಲ್ಲಿ ಔಷಧಿಯ ಹೆಸರಿಲ್ಲದಿದ್ದರೆ ವಾಪಸ್ ಇಡಿ. ಮನೆಯಲ್ಲಿರುವ ಬಾಟಲಿಯ ಹೆಸರೇ ಅಲ್ಲೂ ಇದ್ದರೆ, ಅದನ್ನೂ ವಾಪಸ್ ಇಡಿ :-)